ವಾಟ್ಸ್‌ಆ್ಯಪ್: ‘ಎಲ್ಲರಿಗೂ ಡಿಲೀಟ್’ ಮಾಡಿದ ಮೇಲೂ ಉಳಿಯುವುದೇನು? ಕಾಲಮಿತಿ ಎಷ್ಟು?

ತಪ್ಪಿ ಕಳುಹಿಸಿದ ಸಂದೇಶವನ್ನು ಹಿಂಪಡೆಯುವ ಸೌಲಭ್ಯ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದು 2017ರಲ್ಲಿ. ಆಗ ಸಿಗುತ್ತಿದ್ದ ಅವಕಾಶ ಕೇವಲ 7 ನಿಮಿಷ. ಮರುವರ್ಷ ಅದು ಒಂದು ಗಂಟೆಗೂ ಸ್ವಲ್ಪ ಹೆಚ್ಚಾಯಿತು. 2022ರ ಆಗಸ್ಟ್‌ನಿಂದ ಸುಮಾರು 2 ದಿನ 12 ಗಂಟೆಗೆ ವಿಸ್ತರಣೆಯಾಗಿದೆ. ಆದರೆ ಅಳಿಸಿದ ಮಾತ್ರಕ್ಕೆ ಎಲ್ಲವೂ ಮಾಯವಾಗುವುದಿಲ್ಲ.

ಒಂದು ಉದಾಹರಣೆ

ಕೋಲ್ಕತ್ತದ ಬಾಲಿಗಂಜ್‌ನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ದಾವಣಗೆರೆಯಲ್ಲಿರುವ ಅಣ್ಣನಿಗೆ ಕಳುಹಿಸಬೇಕಿದ್ದ ಡೆಬಿಟ್ ಕಾರ್ಡ್‌ನ ಫೋಟೊವನ್ನು ಅಪಾರ್ಟ್‌ಮೆಂಟ್ ಗ್ರೂಪ್‌ಗೆ ಹಾಕಿಬಿಟ್ಟರು ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆ 10ಕ್ಕೆ ಹಾಕಿದ್ದರೆ, ಬುಧವಾರ ರಾತ್ರಿ ಸುಮಾರು 10ರವರೆಗೆ ಅಳಿಸಬಹುದು.

ಅಳಿಸುವ ಮುನ್ನ ಫೋಟೊವನ್ನು ಒತ್ತಿ ಹಿಡಿದು Info ತೆರೆದರೆ, ಗ್ರೂಪ್‌ನಲ್ಲಿ ಯಾರ‍್ಯಾರು ನೋಡಿದ್ದಾರೆ ಎಂಬುದು ತಿಳಿಯುತ್ತದೆ. ಬಳಿಕ ಕಸದ ಬುಟ್ಟಿಯ ಚಿಹ್ನೆ ಒತ್ತಿ Delete for everyone ಆಯ್ಕೆ ಮಾಡಬೇಕು. ಗಡಿಬಿಡಿಯಲ್ಲಿ Delete for me ಒತ್ತಿದರೆ ಫೋಟೊ ಕಳುಹಿಸಿದವರ ಫೋನ್‌ನಿಂದ ಮಾತ್ರ ಹೋಗುತ್ತದೆ, ಉಳಿದವರಿಗೆ ಹಾಗೇ ಕಾಣುತ್ತಿರುತ್ತದೆ. ಆಗ ಕೆಲವೇ ಸೆಕೆಂಡ್ ಕಾಣುವ Undo ಒತ್ತಬೇಕು. ಅದೂ ತಪ್ಪಿದರೆ ಗ್ರೂಪ್ ಅಡ್ಮಿನ್‌ಗೆ ಹೇಳಿ ಅಳಿಸಬಹುದು. ಇತರರ ಸಂದೇಶವನ್ನೂ ಎಲ್ಲರಿಗೂ ಅಳಿಸುವ ಅಧಿಕಾರ ಅಡ್ಮಿನ್‌ಗಿದೆ.

ಉಳಿಯುವ ಕುರುಹುಗಳು

ಅಳಿಸುವುದೆಂದರೆ ಎದುರಿನವರ ಫೋನ್‌ಗೆ ‘ಇದನ್ನು ತೆಗೆ’ ಎಂಬ ಆದೇಶ ಕಳುಹಿಸುವುದು. ಆ ಆದೇಶ ತಲುಪಿದ ಮೇಲೆ ಸಂದೇಶದ ಜಾಗದಲ್ಲಿ This message was deleted ಎಂಬ ಸಾಲು ಉಳಿಯುತ್ತದೆ. ಏನೋ ಅಳಿಸಲಾಗಿದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಅಳಿಸುವಿಕೆ ವಿಫಲವಾದರೆ ಕಳುಹಿಸಿದವರಿಗೆ ಸೂಚನೆ ಬಾರದೆಯೂ ಇರಬಹುದು.

ಚಾಟ್‌ನ ಹೊರಗೆ ಹೋದ ಪ್ರತಿಗಳನ್ನು ಈ ಆದೇಶ ಮುಟ್ಟುವುದಿಲ್ಲ. ಐಫೋನ್‌ನಲ್ಲಿ Photos ಆ್ಯಪ್‌ಗೆ ಸೇವ್ ಆದ ಚಿತ್ರ ಅಲ್ಲೇ ಉಳಿಯಬಹುದು. ಫಾರ್ವರ್ಡ್ ಆದದ್ದು, ಸ್ಕ್ರೀನ್‌ಶಾಟ್ ತೆಗೆದದ್ದು ಹಿಂದಿರುಗುವುದಿಲ್ಲ.

ಪಠ್ಯ ಸಂದೇಶಕ್ಕೆ ಇನ್ನೂ ಒಂದು ದಾರಿಯಿದೆ. ಆಂಡ್ರಾಯ್ಡ್ 11 ಹಾಗೂ ನಂತರದ ಫೋನ್‌ಗಳಲ್ಲಿ Notification history ಮೊದಲೇ ಆನ್ ಆಗಿದ್ದರೆ, ನೋಟಿಫಿಕೇಶನ್‌ನಲ್ಲಿ ಬಂದ ಸಾಲುಗಳು 24 ಗಂಟೆ ಅಲ್ಲಿ ಓದಲು ಸಿಗುತ್ತವೆ. ಚಾಟ್‌ನಲ್ಲಿ ಅಳಿಸಿದರೂ ಅವು ಹೋಗುವುದಿಲ್ಲ. ಅಳಿಸುವ ಮುನ್ನವೇ ಯಾರಾದರೂ ಆ ಸಂದೇಶವನ್ನು ಉಲ್ಲೇಖಿಸಿ ಉತ್ತರಿಸಿದ್ದರೆ, ಆ ಉತ್ತರದ ಮೇಲ್ಭಾಗದಲ್ಲೂ ಮೂಲ ಸಾಲು ಉಳಿದಿರಬಹುದು.

ಮುಂದೇನು?

ಕಾರ್ಡ್‌ನ ಫೋಟೊ ಒಬ್ಬರ ಕಣ್ಣಿಗೆ ಬಿದ್ದಿದ್ದರೂ ಅದರ ಸಂಖ್ಯೆ ಹೊರಗೆ ಹೋಗಿದೆ ಎಂದೇ ಭಾವಿಸಬೇಕು. ಬ್ಯಾಂಕ್‌ನ ಆ್ಯಪ್ ಅಥವಾ ಸಹಾಯವಾಣಿಯ ಮೂಲಕ ಕಾರ್ಡ್ ಬ್ಲಾಕ್ ಮಾಡಿಸಿ ಹೊಸದನ್ನು ಪಡೆಯುವುದೇ ಸರಿ. ಪಾಸ್‌ವರ್ಡ್ ಕಳುಹಿಸಿದ್ದರೆ ತಕ್ಷಣ ಬದಲಿಸಬೇಕು. ಅಳಿಸುವುದರಿಂದ ಇನ್ನೂ ನೋಡದವರು ನೋಡುವುದು ತಪ್ಪುತ್ತದೆ. ಈಗಾಗಲೇ ನೋಡಿದವರ ಬಳಿ ಇರುವುದನ್ನು ಹಿಂಪಡೆಯಲು ಅದರಿಂದ ಸಾಧ್ಯವಿಲ್ಲ.