ಎರಡು ಗೆರೆ, ಎರಡು ಊರು

ಸರ್ ಸಿ. ವಿ. ರಾಮನ್ ತಮ್ಮ ಸಂಶೋಧನೆಯನ್ನು ವಿಜ್ಞಾನಿಗಳ ಸಭೆಯ ಮುಂದೆ ವಿವರವಾಗಿ ಇಟ್ಟದ್ದು ಬೆಂಗಳೂರಿನಲ್ಲಿ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ಕಂಡ ಹೊಸ ಬೆಳಕಿನ ವಿಷಯವನ್ನು ಅವರು ಮಾರ್ಚ್ 16ರಂದು ಬೆಂಗಳೂರಿನ ಸಭೆಯಲ್ಲಿ ಉಪನ್ಯಾಸವಾಗಿ ಹೇಳಿದರು. ಎರಡು ವರ್ಷಗಳ ನಂತರ ನೊಬೆಲ್ ಬಂತು. ಇದು ನಮ್ಮೆಲ್ಲರಿಗೂ ಶಾಲೆಯಿಂದಲೇ ಗೊತ್ತು. ಆದರೆ ಆ ಬೆಳಕಿನ ಮುಂದಿನ ಚರಿತ್ರೆಯ ಎರಡು ಮುಖ್ಯ ಅಧ್ಯಾಯಗಳು ನಾವೀಗ ನೆಲೆಸಿರುವ ಶಿಕಾಗೋ ಮತ್ತು ಡೆಟ್ರಾಯಿಟ್ ಸುತ್ತಿನಲ್ಲೇ ನಡೆದವೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯವೇನೆಂದು ನೋಡೋಣ. ಅಣುವಿನೊಳಗಿನ ಪರಮಾಣುಗಳು ಸುಮ್ಮನೆ ಕೂತಿರುವುದಿಲ್ಲ, ತಮ್ಮದೇ ಲಯದಲ್ಲಿ ಕಂಪಿಸುತ್ತವೆ. ಒಂದೇ ಬಣ್ಣದ ಬೆಳಕು ಅಣುವಿಗೆ ಬಡಿದು ಚದುರಿದಾಗ ಬಹುಪಾಲು ಬಣ್ಣ ಬದಲಾಗದೆ ಹೊರಬರುತ್ತದೆ. ಸುಮಾರು ಕೋಟಿಗೆ ಒಂದರಂತೆ ಕೆಲವು ಬೆಳಕಿನ ಕಣಗಳು ಮಾತ್ರ ಅಣುವಿನೊಡನೆ ಶಕ್ತಿಯ ಕೊಡುಕೊಳ್ಳುವಿಕೆ ನಡೆಸುತ್ತವೆ. ಶಕ್ತಿಯನ್ನು ಅಣುವಿಗೆ ಕೊಟ್ಟು ಬಂದ ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ. ಇದಕ್ಕೆ ಸ್ಟೋಕ್ಸ್ ಗೆರೆ ಎಂದು ಹೆಸರು. ಮೊದಲೇ ಕಂಪಿಸುತ್ತಿದ್ದ ಅಣುವಿನಿಂದ ಶಕ್ತಿ ಪಡೆದು ಬಂದ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. ಅದು ಆಂಟಿ-ಸ್ಟೋಕ್ಸ್ ಗೆರೆ.

ಬೆಂಜೀನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಆರು ಕಾರ್ಬನ್‌ಗಳ ಉಂಗುರ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತದೆ. ಈ ಕಂಪನದ ಶಕ್ತಿಯನ್ನು ರಸಾಯನಶಾಸ್ತ್ರಜ್ಞರು ಸೆಂಟಿಮೀಟರಿಗೆ 992 ಅಲೆ ಎಂಬ ಅಳತೆಯಲ್ಲಿ ಹೇಳುತ್ತಾರೆ. ಆರ್ಗಾನ್ ಲೇಸರಿನ 514.5 ನ್ಯಾನೋಮೀಟರ್ ಹಸಿರು ಬೆಳಕನ್ನು ಬೆಂಜೀನಿಗೆ ಹಾಯಿಸಿದರೆ ಸ್ಟೋಕ್ಸ್ ಗೆರೆ 542.2ರಲ್ಲೂ ಆಂಟಿ-ಸ್ಟೋಕ್ಸ್ ಗೆರೆ 489.5ರಲ್ಲೂ ಕಾಣುತ್ತದೆ. ಲೇಸರಿನ ಬಣ್ಣ ಬದಲಿಸಿದರೆ ಎರಡೂ ಗೆರೆಗಳು ಜಾಗ ಬದಲಿಸುತ್ತವೆ, ಆದರೆ ಲೇಸರಿನಿಂದ ಅವುಗಳಿಗಿರುವ 992ರ ಅಂತರ ಬದಲಾಗುವುದಿಲ್ಲ. ಕಾಣುತ್ತಿರುವುದು ರಾಮನ್ ಬೆಳಕೋ ಇಲ್ಲವೇ ವಸ್ತುವಿನ ಪ್ರತಿದೀಪ್ತಿಯೋ, ಅಂದರೆ ಫ್ಲೋರೆಸೆನ್ಸ್ ಹೊಳಪೋ, ಎಂದು ಗುರುತಿಸುವ ಸುಲಭದ ಪರೀಕ್ಷೆ ಇದೇ. ಪ್ರತಿದೀಪ್ತಿ ಲೇಸರಿನ ಜೊತೆ ಹೀಗೆ ಹೆಜ್ಜೆ ಹಾಕುವುದಿಲ್ಲ.

ಎರಡು ಗೆರೆಗಳೂ ಬಡವೇ, ಆದರೆ ಆಂಟಿ-ಸ್ಟೋಕ್ಸ್ ಕಡುಬಡವ. ಕೋಣೆಯ ಉಷ್ಣತೆಯಲ್ಲಿ ನೂರು ಬೆಂಜೀನ್ ಅಣುಗಳಲ್ಲಿ ಒಂದು ಕೂಡ ಈ ಕಂಪನದಲ್ಲಿ ತೊಡಗಿರುವುದಿಲ್ಲ. ಕೊಡಲು ಶಕ್ತಿಯೇ ಇಲ್ಲದವರ ಬಳಿ ಬೆಳಕು ಏನು ಪಡೆದೀತು? ಆದ್ದರಿಂದ ಈ ಗೆರೆ ಸ್ಟೋಕ್ಸ್ ಗೆರೆಯ ಸುಮಾರು ಎಂಬತ್ತನೆಯ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ರಾಮನ್ ಅವರ ನಂತರದ ಚರಿತ್ರೆಯೆಂದರೆ ಮುಖ್ಯವಾಗಿ ಈ ಬಡತನವನ್ನು ನೀಗಿಸಿದ ಚರಿತ್ರೆ. ಸ್ಟೋಕ್ಸ್ ಗೆರೆಯ ಕಥೆ ಶಿಕಾಗೋ ಕಡೆಯದು, ಆಂಟಿ-ಸ್ಟೋಕ್ಸ್ ಗೆರೆಯ ಕಥೆ ಡೆಟ್ರಾಯಿಟ್ ಕಡೆಯದು.

ಶಿಕಾಗೋ ಕಥೆ ಇವಾನ್ಸ್‌ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ್ದು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಷ್‌ಮನ್, ಹೆಂಡ್ರಾ ಮತ್ತು ಮೆಕ್‌ಕ್ವಿಲನ್ ಎಂಬ ಮೂವರು ಬೆಳ್ಳಿಯ ವಿದ್ಯುದ್ವಾರವೊಂದನ್ನು ತರಿತರಿಯಾಗಿಸಿ, ಅದಕ್ಕೆ ಅಂಟಿದ ಪಿರಿಡಿನ್ ಅಣುಗಳ ರಾಮನ್ ಬೆಳಕನ್ನು ಅಳೆದರು. ಬೆಳಕು ಚೆನ್ನಾಗಿಯೇ ಬಂತು. ಮೇಲ್ಮೈ ಒರಟಾದ್ದರಿಂದ ಜಾಗ ಹೆಚ್ಚಾಯಿತು, ಹೆಚ್ಚು ಅಣುಗಳು ಅಂಟಿದವು ಎಂಬುದು ಅವರ ವಿವರಣೆ. ನಾರ್ತ್‌ವೆಸ್ಟರ್ನ್‌ನಲ್ಲಿ 1971ರಿಂದ ಅಧ್ಯಾಪಕರಾಗಿದ್ದ ರಿಚರ್ಡ್ ವ್ಯಾನ್ ಡೈನ್ ಅವರಿಗೆ ಈ ಲೆಕ್ಕ ಹೊಂದಲಿಲ್ಲ. ಒರಟು ಮಾಡಿದರೆ ಜಾಗ ಹತ್ತು ಪಟ್ಟು ಹೆಚ್ಚೀತು. ಬೆಳಕೋ ಲಕ್ಷದಿಂದ ಹತ್ತು ಲಕ್ಷ ಪಟ್ಟು ಹೆಚ್ಚಿತ್ತು. ಅವರು ವಿದ್ಯಾರ್ಥಿ ಡೇವಿಡ್ ಜೀನ್‌ಮೇರ್ ಜೊತೆ ಅಣುಗಳ ಎಣಿಕೆಯನ್ನೂ ಬೆಳಕಿನ ಅಳತೆಯನ್ನೂ ಪಕ್ಕಪಕ್ಕ ಇಟ್ಟು 1977ರಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನ ಕೆಂಟ್‌ನಲ್ಲಿ ಆಲ್‌ಬ್ರೆಕ್ಟ್ ಮತ್ತು ಕ್ರೈಟನ್ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದರು. ಹೆಚ್ಚಿದ್ದು ಅಣುಗಳ ಸಂಖ್ಯೆಯಲ್ಲ, ಒಂದೊಂದು ಅಣುವೂ ಚದುರಿಸುವ ಬೆಳಕು.

ಕಾರಣ ಬೆಳ್ಳಿಯಲ್ಲಿದೆ. ಬೆಳ್ಳಿಯ ಸಣ್ಣ ಉಬ್ಬುಗಳಲ್ಲಿರುವ ಸ್ವತಂತ್ರ ಎಲೆಕ್ಟ್ರಾನುಗಳು ಲೇಸರ್ ಬೆಳಕಿಗೆ ಒಟ್ಟಾಗಿ ತೂಗಾಡುತ್ತವೆ. ಅವುಗಳ ಮೇಲ್ಮೈಗೆ ತಗುಲಿದಂತೆ ಬೆಳಕಿನ ಕ್ಷೇತ್ರ ಬಹಳ ಬಲವಾಗುತ್ತದೆ. ಒಳಬರುವ ಬೆಳಕೂ ಚದುರಿ ಹೊರಡುವ ಬೆಳಕೂ ಎರಡೂ ಇದರಿಂದ ಹಿಗ್ಗುತ್ತವೆ. ಆದರೆ ಈ ಉಪಕಾರ ಮೇಲ್ಮೈಯಿಂದ ಕೆಲವೇ ನ್ಯಾನೋಮೀಟರ್ ದೂರದವರೆಗೆ ಮಾತ್ರ. ಬೆಳ್ಳಿಗೆ ಅಂಟದ ಅಣು ಕಾಣುವುದೇ ಇಲ್ಲ. ಮಧುಮೇಹ ಮನೆಮಾತಾಗಿರುವ ನಮ್ಮವರಿಗೆ ಇದು ಗಮನಿಸತಕ್ಕ ಮಾತು. ಗ್ಲೂಕೋಸ್ ಬೆಳ್ಳಿಗೆ ಸರಿಯಾಗಿ ಅಂಟುವುದಿಲ್ಲ. ವ್ಯಾನ್ ಡೈನ್ ತಂಡ ಬೆಳ್ಳಿಯ ಮೇಲೆ ಉದ್ದನೆಯ ಅಣುಗಳ ತೆಳುಪದರ ಹಾಸಿ ಗ್ಲೂಕೋಸನ್ನು ಹತ್ತಿರಕ್ಕೆ ಸೆಳೆದು, 2006ರ ಹೊತ್ತಿಗೆ ಜೀವಂತ ಇಲಿಯ ಚರ್ಮದಡಿಯಲ್ಲೇ ಅದನ್ನು ಅಳೆಯಿತು. ಆದರೆ ಇಂದು ನಮ್ಮವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್‌ಗಳು ಕೆಲಸ ಮಾಡುವುದು ಕಿಣ್ವದಿಂದ, ರಾಮನ್ ಬೆಳಕಿನಿಂದಲ್ಲ.

ಬೆಳ್ಳಿ ಗೆದ್ದದ್ದು ಇನ್ನೊಂದು ಕಡೆ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ರೆನ್ವಾ 1883ರಲ್ಲಿ ಬರೆದ ಮೇಡಂ ಲಿಯೋನ್ ಕ್ಲಾಪಿಸೋನ್ ಅವರ ಭಾವಚಿತ್ರವಿದೆ. ಹಿನ್ನೆಲೆ ಮಾಸಿದ ನೀಲಿ ಬೂದು. ಚೌಕಟ್ಟು ಕಳಚಿದಾಗ, ಅದರ ಮರೆಯಲ್ಲಿ ಬೆಳಕು ತಾಗದೆ ಉಳಿದಿದ್ದ ಅಂಚಿನಲ್ಲಿ ಕಡುಗೆಂಪು ಕಾಣಿಸಿತು. ಆ ಕೆಂಪು ಯಾವುದು? ಕಣ್ಣಿಗೆ ಕಾಣದಷ್ಟು ಸಣ್ಣ ಚೂರನ್ನಷ್ಟೇ ತೆಗೆಯಲು ಸಾಧ್ಯ. ಸಸ್ಯ ಮತ್ತು ಕೀಟಗಳಿಂದ ಮಾಡಿದ ಕೆಂಪು ಬಣ್ಣಗಳು ಲೇಸರ್ ಬಿದ್ದೊಡನೆ ಪ್ರತಿದೀಪ್ತಿಯಿಂದ ಹೊಳೆದು ರಾಮನ್ ಗೆರೆಗಳನ್ನು ಮುಳುಗಿಸಿಬಿಡುತ್ತವೆ. ಇಲ್ಲಿ ಬೆಳ್ಳಿ ಎರಡು ಕೆಲಸ ಮಾಡಿತು. ಗೆರೆಗಳನ್ನು ಹಿಗ್ಗಿಸಿತು, ಅಣು ಲೋಹಕ್ಕೆ ತಗುಲಿದ್ದರಿಂದ ಪ್ರತಿದೀಪ್ತಿಯನ್ನು ಆರಿಸಿತು. ಸಿಕ್ಕಿದ ಗೆರೆಗಳು ಕಾರ್ಮೈನ್ ಲೇಕ್ ಎಂಬ ಬಣ್ಣದವು. ಕೊಚಿನೀಲ್ ಕೀಟದಿಂದ ಮಾಡುವ ಈ ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ. ಸಂಗ್ರಹಾಲಯದ ವಿಜ್ಞಾನಿ ಫ್ರಾಂಚೆಸ್ಕಾ ಕಸಾಡಿಯೊ ಮತ್ತು ಸಂಗಡಿಗರೊಡನೆ ನಡೆದ ಈ ಕೆಲಸವನ್ನು 2014ರಲ್ಲಿ ಶಿಕಾಗೋದಲ್ಲಿಯೇ ಸಾರಿದರು. ಮೂಲ ಬಣ್ಣಗಳ ಪ್ರತಿಯೊಂದನ್ನು ಕಂಪ್ಯೂಟರಿನಲ್ಲಿ ಮಾಡಿ ಜನರಿಗೆ ತೋರಿಸಿದರು. ಮೂಲ ಚಿತ್ರಕ್ಕೆ ಹೊಸ ಬಣ್ಣ ಬಳಿಯಲಿಲ್ಲ. ವ್ಯಾನ್ ಡೈನ್ 2019ರಲ್ಲಿ ತೀರಿಕೊಂಡರು.

ಇನ್ನು ಡೆಟ್ರಾಯಿಟ್. ಡಿಯರ್‌ಬೋರ್ನಿನ ಫೋರ್ಡ್ ಕಂಪನಿ ಕಾರು ಮಾಡುವುದರ ಜೊತೆಗೆ ಒಂದು ಭೌತವಿಜ್ಞಾನ ಪ್ರಯೋಗಾಲಯವನ್ನೂ ಇಟ್ಟುಕೊಂಡಿತ್ತು. ಅಲ್ಲಿ ಪಾಲ್ ಮೇಕರ್ ಮತ್ತು ರಾಬರ್ಟ್ ಟರ್‌ಹ್ಯೂನ್ 1965ರಲ್ಲಿ ಪ್ರಕಟಿಸಿದ ಪ್ರಯೋಗ ಕಡುಬಡವ ಗೆರೆಯ ಭಾಗ್ಯ ತೆರೆಯಿತು. ಅವರ ಕೈಯಲ್ಲಿದ್ದದ್ದು ರೂಬಿ ಲೇಸರ್, 694.3 ನ್ಯಾನೋಮೀಟರಿನ ಕೆಂಪು ಮಿಂಚು. ಆ ಬೆಳಕನ್ನು ಒಂದು ರಾಮನ್ ಮಾಧ್ಯಮದ ಮೂಲಕ ಹಾಯಿಸಿ ಬಲವಾದ ಸ್ಟೋಕ್ಸ್ ಕಿರಣ ಪಡೆದರು. ಅದು ಬೆಂಜೀನಾದರೆ ಕಿರಣ ಸುಮಾರು 745.7ರಲ್ಲಿರುತ್ತದೆ. ಆಮೇಲೆ ಎರಡು ಕಿರಣಗಳನ್ನೂ ಒಟ್ಟಿಗೆ ಪರೀಕ್ಷಿಸಬೇಕಾದ ವಸ್ತುವಿನೊಳಗೆ ಕಳಿಸಿದರು.

ಎರಡು ಕಿರಣಗಳ ಅಂತರ ಅಣುವಿನ ಕಂಪನಕ್ಕೆ ಸರಿಯಾಗಿ ಹೊಂದಿದರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಕಿರಣದ ದಾರಿಯಲ್ಲಿರುವ ಅಣುಗಳೆಲ್ಲ ಒಂದೇ ತಾಳದಲ್ಲಿ ಕಂಪಿಸತೊಡಗುತ್ತವೆ. ಶಾಖ ನೂರರಲ್ಲಿ ಒಂದನ್ನು ಎಬ್ಬಿಸಲೆಂದು ಕಾಯಬೇಕಾಗಿಲ್ಲ. ಈಗ ರೂಬಿಯ ಬೆಳಕು ಅವುಗಳಿಂದ ಶಕ್ತಿ ಪಡೆದು 650 ನ್ಯಾನೋಮೀಟರಿನ ಬಳಿ ಆಂಟಿ-ಸ್ಟೋಕ್ಸ್ ಆಗಿ ಹೊರಡುತ್ತದೆ. ಎಲ್ಲ ಅಣುಗಳೂ ತಾಳದಲ್ಲಿರುವುದರಿಂದ ಅದು ಎಲ್ಲ ದಿಕ್ಕಿಗೂ ಚದುರದೆ ತಾನೇ ಒಂದು ಕಿರಣವಾಗುತ್ತದೆ. ಪ್ರತಿದೀಪ್ತಿ ಲೇಸರಿಗಿಂತ ಕೆಂಪು ಕಡೆಯಲ್ಲಿ ಬರುವುದರಿಂದ ಇದಕ್ಕೆ ಅದರ ಕಾಟವೂ ಕಡಿಮೆ. ಡಿಯರ್‌ಬೋರ್ನಿನವರು ಇದಕ್ಕೆ ವಿಶೇಷ ಹೆಸರಿಡಲಿಲ್ಲ. ಕಾರ್ಸ್ ಎಂಬ ಹೆಸರು ಬಂದದ್ದು 1974ರಲ್ಲಿ, ಸ್ಟ್ಯಾನ್‌ಫರ್ಡ್‌ನವರಿಂದ. ಕಾರಿನ ಊರಿನಲ್ಲಿ ಹುಟ್ಟಿದ ವಿಧಾನಕ್ಕೆ ಒಪ್ಪುವ ಹೆಸರೇ!

ಇದಕ್ಕೂ ಒಂದು ದೋಷವಿದೆ. ಅಂತರ ಯಾವ ಕಂಪನಕ್ಕೂ ಹೊಂದದಿದ್ದಾಗಲೂ ವಸ್ತುವಿನ ಎಲೆಕ್ಟ್ರಾನುಗಳು ಅದೇ ಬಣ್ಣದ ಬೆಳಕನ್ನು ಸ್ವಲ್ಪ ಕೊಡುತ್ತಲೇ ಇರುತ್ತವೆ. ಈ ಹಿನ್ನೆಲೆ ನಿಜವಾದ ಗೆರೆಯೊಡನೆ ಬೆರೆತು ಶಿಖರವನ್ನು ಪಕ್ಕಕ್ಕೆ ಸರಿಸುತ್ತದೆ, ಅದರ ಬದಿಯಲ್ಲಿ ಒಂದು ತಗ್ಗು ಮಾಡುತ್ತದೆ. ಅಂತರವನ್ನು ಕಂಪನದಿಂದ ದೂರ ಸರಿಸಿದರೂ ಬೆಳಕು ಸೊನ್ನೆಗೆ ಇಳಿಯದಿದ್ದರೆ ದೋಷ ಇದೆಯೆಂದು ತಿಳಿಯಬೇಕು. ನೀರು ತುಂಬಿದ ದೇಹದ ಅಂಗಾಂಶದಲ್ಲಿ ಇದು ದೊಡ್ಡ ತೊಂದರೆ.

ಪರಿಹಾರ ಸಿಕ್ಕಿದ್ದು ಹೊಸ ಬಣ್ಣವನ್ನು ಹುಡುಕುವುದನ್ನು ಬಿಟ್ಟು, ಕಳಿಸಿದ ಎರಡು ಕಿರಣಗಳ ಲೆಕ್ಕ ನೋಡುವುದರಲ್ಲಿ. ಅಂತರ ಕಂಪನಕ್ಕೆ ಹೊಂದಿದಾಗ ಒಂದು ಕಿರಣ ಕೊಂಚ ಕಳೆದುಕೊಳ್ಳುತ್ತದೆ, ಸ್ಟೋಕ್ಸ್ ಕಿರಣ ಅಷ್ಟೇ ಗಳಿಸುತ್ತದೆ. ಹೊಂದದಿದ್ದರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಈ ವಿಧಾನವನ್ನು ಹಾರ್ವರ್ಡ್‌ನವರು 2008ರಲ್ಲಿ ಸೂಕ್ಷ್ಮದರ್ಶಕಕ್ಕೆ ಅಳವಡಿಸಿದರು. ಆನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನರಶಸ್ತ್ರವೈದ್ಯ ಡೇನಿಯಲ್ ಆರಿಂಜರ್ ಮತ್ತು ಸಂಗಡಿಗರು ಅದನ್ನು ಆಪರೇಷನ್ ಥಿಯೇಟರಿಗೆ ತಂದರು. ಮೆದುಳಿನ ಗಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ಸೀಳಿ ಬಣ್ಣ ಹಾಕಿ ನೋಡುವ ಫ್ರೋಜನ್ ಸೆಕ್ಷನ್ ಪದ್ಧತಿ ನನ್ನ ವೃತ್ತಿಯವರಿಗೆಲ್ಲ ಪರಿಚಿತ. ವರದಿಗಾಗಿ ಅರ್ಧ ಗಂಟೆಯಷ್ಟು ಕಾಯಬೇಕು, ರೋಗಿಯ ತಲೆ ತೆರೆದೇ ಇರುತ್ತದೆ. ಮೆದುಳಿನಂಥ ಮೆತ್ತನೆಯ ಅಂಗಾಂಶದಲ್ಲಿ ಮಂಜಿನ ಹರಳುಗಳು ಚಿತ್ರ ಕೆಡಿಸುವುದೂ ಉಂಟು. ಆನ್ ಆರ್ಬರಿನಲ್ಲಿ ಹಸಿ ಚೂರನ್ನೇ ಗಾಜಿನ ನಡುವೆ ಒತ್ತಿ, ಸೆಂಟಿಮೀಟರಿಗೆ 2845 ಅಲೆಯಲ್ಲಿ ಕೊಬ್ಬನ್ನೂ 2930ರ ಬಳಿ ಪ್ರೋಟೀನನ್ನೂ ನೋಡಿದರು. ಎರಡರ ವ್ಯತ್ಯಾಸಕ್ಕೆ ರೋಗಶಾಸ್ತ್ರಜ್ಞರ ಕಣ್ಣಿಗೆ ಒಗ್ಗಿದ ನೇರಳೆ ಮತ್ತು ಗುಲಾಬಿ ಬಣ್ಣ ಕೊಟ್ಟು ಕೆಲವೇ ನಿಮಿಷಗಳಲ್ಲಿ ಚಿತ್ರ ಪಡೆದರು. 101 ರೋಗಿಗಳ ಅಂಗಾಂಶದ ಮೇಲೆ ಮಾಡಿದ ಈ ಕೆಲಸ 2017ರಲ್ಲಿ ಪ್ರಕಟವಾಯಿತು. ಮಿತಿಯನ್ನೂ ಹೇಳಬೇಕು. ಈ ಚಿತ್ರ ಜೀವಕೋಶಗಳ ಆಕಾರ ಮತ್ತು ದಟ್ಟಣೆಯನ್ನು ತೋರಿಸುತ್ತದೆ, ಗಡ್ಡೆಯ ಜೀನ್ ಬದಲಾವಣೆಗಳನ್ನು ತೋರಿಸುವುದಿಲ್ಲ. ಅದಕ್ಕೆ ಪ್ರಯೋಗಾಲಯದ ಕೊನೆಯ ವರದಿಯೇ ಬೇಕು.

ರಾಮನ್ ಮತ್ತು ಕೃಷ್ಣನ್ ಆ ಬೆಳಕನ್ನು ಮೊದಲು ನೋಡಿದ್ದು ಸೂರ್ಯನ ಕಿರಣ, ಬಣ್ಣದ ಸೋಸುಗಾಜು ಮತ್ತು ತಮ್ಮ ಕಣ್ಣುಗಳಿಂದ. ಗೆರೆಗಳ ಸ್ಥಾನದಲ್ಲಿ ಅಂದಿನಿಂದ ಇಂದಿಗೆ ಏನೂ ಬದಲಾಗಿಲ್ಲ, ಬೆಂಜೀನಿನ 992 ಇಂದಿಗೂ 992. ಆ ಗೆರೆಗಳಿಗೆ ಬಲ ತುಂಬಿದ್ದು ಇವಾನ್ಸ್‌ಟನ್ನಿನ ಬೆಳ್ಳಿ ಮತ್ತು ಡಿಯರ್‌ಬೋರ್ನಿನ ಜೋಡಿ ಕಿರಣ.