ಕೃಪಾಂಕ, ಮಾಡರೇಷನ್ ಮತ್ತು ಕೊರತೆ ಮನ್ನಾ

ಪರೀಕ್ಷೆಯಲ್ಲಿ ಉತ್ತೀರ್ಣತೆಯ ಗೆರೆಗೆ ಕೆಲವೇ ಅಂಕ ಕಡಿಮೆ ಬಿದ್ದ ವಿದ್ಯಾರ್ಥಿಯನ್ನು ಗೆರೆ ದಾಟಿಸಲು ವಿಶ್ವವಿದ್ಯಾಲಯಗಳು ಇಟ್ಟುಕೊಂಡಿರುವ ಮೂರು ವ್ಯವಸ್ಥೆಗಳಿವು. ಆಡುಮಾತಿನಲ್ಲಿ ಮೂರಕ್ಕೂ ಗ್ರೇಸ್ ಎಂದೇ ಹೆಸರು. ಆದರೆ ಮೂರೂ ಬೇರೆ ಬೇರೆ. ಮಾಡರೇಷನ್ ತಿದ್ದುವುದು ಮೌಲ್ಯಮಾಪಕರ ಕೈಯ ಏರುಪೇರನ್ನು, ಅದು ಅವರು ನೋಡಿದ ಉತ್ತರಪತ್ರಿಕೆಗಳ ಕಟ್ಟಿಗೆಲ್ಲ ಅನ್ವಯಿಸುತ್ತದೆ. ಕೃಪಾಂಕ ಒಬ್ಬ ವಿದ್ಯಾರ್ಥಿಗೆ ಪತ್ರಿಕೆವಾರು ಸಿಗುವ ಒಂದೆರಡು ಅಂಕ. ಉಳಿದೆಲ್ಲ ಪಾಸಾಗಿ ಒಂದೇ ಒಂದು ಪತ್ರಿಕೆ ಕೈಕೊಟ್ಟವನಿಗೆ ಆ ಪತ್ರಿಕೆಯ ಕೊರತೆಯನ್ನೇ ಬಿಟ್ಟುಕೊಡುವುದು ಕೊರತೆ ಮನ್ನಾ. ಕಚೇರಿಗಳಲ್ಲಿ ಇದನ್ನು ಕಂಡೋನೇಷನ್ ಎನ್ನುತ್ತಾರೆ.

ಭಾರತದಲ್ಲಿ ಈ ಕಥೆ ಮೊದಲ ಪದವಿ ಪರೀಕ್ಷೆಯಿಂದಲೇ ಶುರುವಾಗುತ್ತದೆ. ಕಲ್ಕತ್ತಾ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ, ಪಾಠ ಹೇಳದೆ ಪರೀಕ್ಷೆ ಮಾತ್ರ ನಡೆಸುವ ಸಂಸ್ಥೆಗಳಾಗಿ ಹುಟ್ಟಿದವು. ಮರುವರ್ಷ ಕಲ್ಕತ್ತಾದಲ್ಲಿ ಬಿ.ಎ. ಪರೀಕ್ಷೆ ನಡೆದಾಗ ನಿಯಮದ ಪ್ರಕಾರ ಒಬ್ಬರೂ ತೇರ್ಗಡೆಯಾಗಲಿಲ್ಲ. ಇಬ್ಬರು ಮಾತ್ರ ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿಯೇ ಮುಗಿಸಿ, ಆರನೆಯದರಲ್ಲಿ ಏಳಕ್ಕಿಂತ ಹೆಚ್ಚಿಲ್ಲದಷ್ಟು ಅಂಕಗಳಿಂದ ಹಿಂದೆ ಬಿದ್ದಿದ್ದರು. ಒಬ್ಬರು ಜದುನಾಥ ಬೋಸ್, ಇನ್ನೊಬ್ಬರು ಮುಂದೆ ಬಂಗಾಳಿ ಕಾದಂಬರಿಕಾರರಾಗಿ ಹೆಸರಾದ ಬಂಕಿಮಚಂದ್ರ ಚಟ್ಟೋಪಾಧ್ಯಾಯ. ಸಿಂಡಿಕೇಟು ವಿಶೇಷ ಕೃಪೆ ಎಂದು ನಮೂದಿಸಿ ಇಬ್ಬರಿಗೂ ದ್ವಿತೀಯ ದರ್ಜೆಯ ಪದವಿ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಯಾರೂ ಇದನ್ನು ಪೂರ್ವನಿದರ್ಶನವಾಗಿ ಮುಂದಿಡಬಾರದು ಎಂಬ ಮಾತನ್ನೂ ನಿರ್ಣಯದಲ್ಲಿ ಸೇರಿಸಿತು. ಆ ಎಚ್ಚರಿಕೆ ಉಳಿಯಲಿಲ್ಲ, ಕೃಪೆ ಉಳಿಯಿತು. ಒಂದು ವಿಷಯದಲ್ಲಿ ಮಾತ್ರ ಸೋಲು, ಉಳಿದವುಗಳಲ್ಲಿ ಸಮಾಧಾನಕರ ಸಾಧನೆ, ಕೊರತೆಗೆ ಅಂಕಿಯಲ್ಲಿ ಮಿತಿ: ಇಂದಿನ ಕಂಡೋನೇಷನ್ ನಿಯಮದ ಮೂರು ಷರತ್ತುಗಳೂ ಆ ನಿರ್ಣಯದಲ್ಲೇ ಇವೆ.

ಅಂದು ಸಿಂಡಿಕೇಟಿನ ಮುಂದಿದ್ದುದು ಬೆರಳೆಣಿಕೆಯ ಹುಡುಗರು. ಅಭ್ಯರ್ಥಿಗಳು ಸಾವಿರ ದಾಟಿದ ಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಕೃಪೆ ತೋರುವುದು ಆಗದ ಕೆಲಸ, ತೋರಿದರೂ ಪಕ್ಷಪಾತದ ದೂರು ತಪ್ಪಿದ್ದಲ್ಲ. ಹಾಗಾಗಿ ದಯೆ ಲೆಕ್ಕವಾಯಿತು. ಆ ಲೆಕ್ಕ ತುಂಬ ವಿವರವಾಗಿ ಕಾಣುವುದು ಮುಂಬೈ ವಿಶ್ವವಿದ್ಯಾಲಯದ ಆರ್ಡಿನೆನ್ಸುಗಳಲ್ಲಿ. (ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ನೆಲೆಯೂರುವ ತನಕ ಮುಂಬೈ ಕರ್ನಾಟಕದ ಕಾಲೇಜು ಹುಡುಗರ ಪಾಸು–ಫೇಲು ತೀರ್ಮಾನವಾಗುತ್ತಿದ್ದುದೂ ಈ ಬೊಂಬಾಯಿ ವಿಶ್ವವಿದ್ಯಾಲಯದಲ್ಲೇ.) ಅಲ್ಲಿನ 5042-ಎ ಆರ್ಡಿನೆನ್ಸ್ ಕೃಪಾಂಕದ್ದು: 50 ಅಂಕದವರೆಗಿನ ಪತ್ರಿಕೆಗೆ 2, 100ರವರೆಗೆ 3, 150ರವರೆಗೆ 4 ಎಂದು ಏರುತ್ತ ಹೋಗುತ್ತದೆ. ಎಷ್ಟು ಪತ್ರಿಕೆಗೆ ಕೊಟ್ಟರೂ ಒಟ್ಟು ಮೊತ್ತ ಇಡೀ ಪರೀಕ್ಷೆಯ ಅಂಕಗಳ ಶೇ 1ನ್ನು ಮೀರಬಾರದು. ಕೊಟ್ಟರೆ ವಿದ್ಯಾರ್ಥಿ ಇಡೀ ಪರೀಕ್ಷೆ ಪಾಸಾಗುವಂತಿರಬೇಕು. 5045-ಎ ಕೊರತೆ ಮನ್ನಾದ್ದು: ಒಂದೇ ಪತ್ರಿಕೆಯಲ್ಲಿ ಸೋತವನಿಗೆ ಪರೀಕ್ಷೆಯ ಒಟ್ಟು ಅಂಕಗಳ ಶೇ 1 ಅಥವಾ ಆ ಪತ್ರಿಕೆಯ ಅಂಕಗಳ ಶೇ 10, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು, ಏನೇ ಆದರೂ 10 ಅಂಕದೊಳಗೆ.

ಈ ಎರಡು ನಿಯಮಗಳು ಫಲಿತಾಂಶದ ಹೊತ್ತಿನಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡಬಹುದು. ನೂರು ಅಂಕದ ಆರು ಪತ್ರಿಕೆ, ಒಟ್ಟು 600, ಪ್ರತಿ ಪತ್ರಿಕೆಗೂ 40 ಬಂದರೆ ಪಾಸು ಎಂದುಕೊಳ್ಳಿ. ಶೇ 1 ಅಂದರೆ 6 ಅಂಕ. ಮೊದಲನೆಯವಳಿಗೆ ಐದು ಪತ್ರಿಕೆಗಳಲ್ಲಿ 45ರಿಂದ 60, ಅಕೌಂಟ್ಸಿನಲ್ಲಿ ಮಾತ್ರ 34. ಕೊರತೆ 6. ಕೃಪಾಂಕ ಒಂದು ಪತ್ರಿಕೆಗೆ 3ಕ್ಕೇ ನಿಲ್ಲುವುದರಿಂದ ಅದು ಸಾಲದು. ಕೊರತೆ ಮನ್ನಾಕ್ಕೆ ಒಟ್ಟು ಅಂಕಗಳ ಶೇ 1 ಹಿಡಿದರೆ 6, ಪತ್ರಿಕೆಯ ಶೇ 10 ಹಿಡಿದರೆ 10, ಕಡಿಮೆಯದು 6. ಸರಿಯಾಗಿ ಸಾಕಾಯಿತು, ಪಾಸು. 33 ಬಂದಿದ್ದರೆ ಇಲ್ಲ. ಎರಡನೆಯವನಿಗೆ ಒಂದರಲ್ಲಿ 37, ಇನ್ನೊಂದರಲ್ಲಿ 38. ಸೋಲು ಎರಡರಲ್ಲಿ ಇರುವುದರಿಂದ ಮನ್ನಾ ಇಲ್ಲ, ಆದರೆ 3 ಮತ್ತು 2 ಸೇರಿ 5 ಕೃಪಾಂಕದ ಮಿತಿಯೊಳಗಿದೆ. ಇವನೂ ಪಾಸು. ಮೂರನೆಯವನಿಗೆ 37, 37, 39. ಬೇಕಾದದ್ದು 3, 3, 1, ಒಟ್ಟು 7. ಮಿತಿಗಿಂತ ಒಂದೇ ಅಂಕ ಹೆಚ್ಚು. ಆರು ಅಂಕ ಕೊಟ್ಟು ಎರಡು ಪತ್ರಿಕೆ ಪಾರುಮಾಡಿ ಒಂದನ್ನು ಉಳಿಸುವಂತಿಲ್ಲ, ಏಕೆಂದರೆ ಇಡೀ ಪರೀಕ್ಷೆ ಪಾಸಾಗುವಂತಿದ್ದರೆ ಮಾತ್ರ ಕೃಪಾಂಕ. ಮೂರೂ ಪತ್ರಿಕೆ ಬಾಕಿ ಬಿದ್ದವು. ಯಾವ ಪತ್ರಿಕೆಯಲ್ಲೂ 37ಕ್ಕಿಂತ ಕೆಳಗಿಳಿಯದ ಈ ಹುಡುಗ ಫೇಲಾಗಿ, 34 ತೆಗೆದವಳು ಪಾಸಾದದ್ದು ಅವನ ಮನೆಯವರಿಗೆ ಅನ್ಯಾಯವಾಗಿ ಕಾಣುವುದು ಸಹಜ. ನಿಯಮ ಮಾಡಿದವರ ತರ್ಕ ಬೇರೆ: ಒಂದು ಪತ್ರಿಕೆಯಲ್ಲಿ ಎಡವುವುದು ಆಕಸ್ಮಿಕ ಇರಬಹುದು, ಮೂರರಲ್ಲಿ ಎಡವುವುದು ಓದಿನ ಕೊರತೆ.

ಮೊದಲನೆಯವಳ ಅಂಕಪಟ್ಟಿಯಲ್ಲಿ 34ರ ಪಕ್ಕ ಒಂದು ನಕ್ಷತ್ರ ಚಿಹ್ನೆಯೂ ಆರ್ಡಿನೆನ್ಸಿನ ಸಂಖ್ಯೆಯೂ ಬರುತ್ತವೆ. ಕೊರತೆ ಮನ್ನಾ ಆಗಿದೆ ಎಂಬುದನ್ನು ಮುಚ್ಚಿಡುವಂತಿಲ್ಲ.

ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂದಾಗ ಇಂಥ ಶೇಕಡಾವಾರು ನಿಯಮದ ಬೆಲೆ ಸದ್ದಿಲ್ಲದೆ ಇಳಿಯಿತು, ಅದನ್ನು ಗಮನಿಸಿದವರು ಕಡಿಮೆ. 600 ಅಂಕದ ವಾರ್ಷಿಕ ಪರೀಕ್ಷೆಯನ್ನು 300–300 ಎಂದು ಒಡೆದರೆ ಪ್ರತಿ ಸೆಮಿಸ್ಟರಿನ ಶೇ 1 ಕೇವಲ 3. ನೂರು ಅಂಕದ ಪತ್ರಿಕೆಗೆ ಕೃಪಾಂಕವೂ ಮೂರೇ. ಅಲ್ಲಿಗೆ ಕೃಪಾಂಕಕ್ಕೂ ಕೊರತೆ ಮನ್ನಾಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಮೇಲಿನ ಅಕೌಂಟ್ಸಿನ ಹುಡುಗಿ ಅಂಥ ಸೆಮಿಸ್ಟರಿನಲ್ಲಿ 34 ತೆಗೆದಿದ್ದರೆ ಮತ್ತೆ ಬರೆಯಬೇಕಿತ್ತು.

ಮಾಡರೇಷನ್ನಿನ ಹಾದಿ ಬೇರೆ. ಒಂದು ವಿಷಯದ ಸಾವಿರಾರು ಉತ್ತರಪತ್ರಿಕೆಗಳನ್ನು ಹತ್ತಾರು ಮೌಲ್ಯಮಾಪಕರು ನೋಡುವಾಗ ಕೆಲವರ ಕೈ ಬಿಗಿ, ಕೆಲವರ ಕೈ ಸಡಿಲ. ಮೊದಲು ಮುಖ್ಯ ಮೌಲ್ಯಮಾಪಕರು ಎಲ್ಲರನ್ನೂ ಕೂರಿಸಿ ಮಾದರಿ ಉತ್ತರ, ಅಂಕ ಹಂಚಿಕೆ ಗೊತ್ತುಮಾಡುತ್ತಾರೆ. ಆಮೇಲೆ ಪ್ರತಿಯೊಬ್ಬರ ಕಟ್ಟಿನಿಂದ ಕೆಲವನ್ನು ಎತ್ತಿ ತಾವೇ ಮತ್ತೊಮ್ಮೆ ನೋಡುತ್ತಾರೆ. ಒಬ್ಬರು ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ಬಿಗಿ ಹಿಡಿದಿದ್ದರೆ ಆ ಕಟ್ಟಿಗೆಲ್ಲ ಅಂಕ ಏರಿಸಬಹುದು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಧಾರಾಳ ಎಂದಾದರೆ ಯಾವ ಸೂತ್ರವೂ ಕೆಲಸಕ್ಕೆ ಬಾರದು, ಬೇರೊಬ್ಬರಿಂದ ಮರುಮೌಲ್ಯಮಾಪನ ಮಾಡಿಸುವುದೊಂದೇ ದಾರಿ.

ಈ ಕ್ರಮಕ್ಕೆ ಸ್ಪಷ್ಟ ಕಾನೂನು ವಿವರಣೆ ಸಿಕ್ಕಿದ್ದು 2007ರಲ್ಲಿ, ಸಂಜಯ್ ಸಿಂಗ್ ವಿರುದ್ಧ ಉತ್ತರ ಪ್ರದೇಶ ಲೋಕಸೇವಾ ಆಯೋಗ ಪ್ರಕರಣದಲ್ಲಿ. ಸುಪ್ರೀಂ ಕೋರ್ಟಿನ ಆ ತೀರ್ಪು ಬರೆದವರು ಅದಕ್ಕೆ ಮೊದಲು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಒಂದೇ ವಿಷಯವನ್ನು ಹಲವರು ಮೌಲ್ಯಮಾಪನ ಮಾಡಿದಾಗಿನ ಏರುಪೇರಿಗೆ ಮಾಡರೇಷನ್, ಅಭ್ಯರ್ಥಿಗಳು ಬೇರೆ ಬೇರೆ ಐಚ್ಛಿಕ ವಿಷಯ ಬರೆದಾಗ ಸ್ಕೇಲಿಂಗ್. ಎರಡನ್ನೂ ಬೆರೆಸಬಾರದು ಎಂದು ತೀರ್ಪು ಹೇಳಿತು. ಎಲ್ಲರಿಗೂ ಒಂದೇ ಸಮ ಅಂಕ ಕೂಡಿಸುವುದಕ್ಕಿಂತ ಪ್ರಮಾಣಕ್ಕೆ ತಕ್ಕಂತೆ ಏರಿಸುವುದು ಮೇಲು ಎಂಬುದನ್ನೂ ಅದು ತೋರಿಸಿತು. ಕಾರಣ ಸರಳ. 60 ಬರಬೇಕಾದಲ್ಲಿ 50 ಕೊಟ್ಟ ಮೌಲ್ಯಮಾಪಕರ ಕಟ್ಟಿಗೆಲ್ಲ 10 ಕೂಡಿಸಿದರೆ ಖಾಲಿ ಹಾಳೆ ಕೊಟ್ಟವನಿಗೂ 10 ಬರುತ್ತದೆ, 95 ತೆಗೆದವನದು ನೂರನ್ನು ದಾಟುತ್ತದೆ. 1.2ರಿಂದ ಗುಣಿಸಿದರೆ ಸೊನ್ನೆ ಸೊನ್ನೆಯಾಗಿಯೇ ಉಳಿದು 30 ಮಾತ್ರ 36 ಆಗುತ್ತದೆ. 95ರ ತೊಂದರೆ ಮಾತ್ರ ಇಲ್ಲೂ ಬಿಡದು.

ಶಾಲಾ ಮಂಡಳಿಗಳು ಮಾಡರೇಷನ್ ಹೆಸರಿನಲ್ಲಿ ಇನ್ನೂ ಮುಂದೆ ಹೋದವು. ಪ್ರಶ್ನೆಪತ್ರಿಕೆ ಕಷ್ಟವಾಗಿತ್ತು, ಈ ವರ್ಷದ ಫಲಿತಾಂಶ ಹೋದ ವರ್ಷದ್ದಕ್ಕೆ ಸರಿದೂಗಬೇಕು ಎಂಬ ಕಾರಣಗಳಿಗೂ ಅಂಕ ಏರಿದವು. ಇದಕ್ಕೆ ಕಡಿವಾಣ ಹಾಕಲು 2017ರ ಏಪ್ರಿಲ್‌ನಲ್ಲಿ ಮಂಡಳಿಗಳು ಒಪ್ಪಿಕೊಂಡವು, ಕೃಪಾಂಕ ಮಾತ್ರ ಇರಲಿ ಎಂದವು. ಆದರೆ ಸಿ.ಬಿ.ಎಸ್.ಇ. ಪರೀಕ್ಷೆ ಆಗಲೇ ಶುರುವಾಗಿತ್ತು. ಆಟ ಶುರುವಾದ ಮೇಲೆ ನಿಯಮ ಬದಲಿಸುವಂತಿಲ್ಲ ಎಂದು ಮೇ 23ರಂದು ದೆಹಲಿ ಹೈಕೋರ್ಟ್ ಹಳೆಯ ನೀತಿಯನ್ನೇ ಆ ವರ್ಷಕ್ಕೆ ಮುಂದುವರಿಸಲು ಆದೇಶಿಸಿತು. ಕರ್ನಾಟಕದ ಎಸ್‌.ಎಸ್‌.ಎಲ್‌.ಸಿ.ಯಲ್ಲಿ 2024ರಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದು ಫಲಿತಾಂಶ ಕುಸಿದಾಗ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು. ಅಷ್ಟಾದರೂ ತೇರ್ಗಡೆ ಶೇ 73.40ಕ್ಕೆ ನಿಂತಿತು, ಹಿಂದಿನ ವರ್ಷ ಅದು ಶೇ 83.89 ಇತ್ತು. ಒಬ್ಬ ವಿದ್ಯಾರ್ಥಿಯ ಸಣ್ಣ ಕೊರತೆಗೆಂದು ಇದ್ದ ಉಪಾಯವನ್ನು ಇಡೀ ವರ್ಷದ ಶೇಕಡಾವಾರು ಎತ್ತಲು ಬಳಸಿದ್ದು ಕೃಪಾಂಕದ ಮೂಲ ಉದ್ದೇಶಕ್ಕೆ ಹೊರತಾದದ್ದು. 2025ರಲ್ಲಿ ಅದನ್ನು ಕೈಬಿಟ್ಟರು, ಮೊದಲ ಪರೀಕ್ಷೆಯ ಫಲಿತಾಂಶ ಶೇ 62.34ಕ್ಕೆ ಇಳಿಯಿತು.

ಅಂಕಗಳ ರಾಶಿಯನ್ನು ನೋಡಿದರೆ ಇಂಥ ಹಸ್ತಕ್ಷೇಪ ತಾನಾಗಿ ಕಾಣುತ್ತದೆ. ಸಹಜವಾಗಿ 38, 39, 40, 41 ತೆಗೆದವರ ಸಂಖ್ಯೆ ಹೆಚ್ಚೂಕಡಿಮೆ ಒಂದೇ ಇರಬೇಕು. ಪ್ರಕಟವಾದ ಫಲಿತಾಂಶದಲ್ಲಿ ಗೆರೆಯ ಕೆಳಗೆ ಹಳ್ಳ, ಗೆರೆಯ ಮೇಲೆ ದಿಬ್ಬ. ಅದೆಲ್ಲವೂ ಕೃಪಾಂಕದ ಕೆಲಸವೇ ಆಗಿರಬೇಕೆಂದಿಲ್ಲ. 39 ಕಂಡ ಮೌಲ್ಯಮಾಪಕರೇ ಹಿಂದಕ್ಕೆ ಹಾಳೆ ತಿರುವಿ ಎಲ್ಲಿಯಾದರೂ ಅರ್ಧರ್ಧ ಅಂಕ ಸಿಗುತ್ತದೆಯೇ ಎಂದು ಹುಡುಕಿರುತ್ತಾರೆ. ಈ ಕೃಪೆಗೆ ಆರ್ಡಿನೆನ್ಸ್ ಇಲ್ಲ, ನಕ್ಷತ್ರವೂ ಇಲ್ಲ.

ಜಾರಿಯಲ್ಲಿ ತಕರಾರು ಏಳುವುದು ಹೆಚ್ಚಾಗಿ ಕ್ರಮದ ಬಗ್ಗೆ. ಮಾಡರೇಷನ್ ಮೊದಲು ಮುಗಿದು ಅಂಕ ನಿಕ್ಕಿಯಾಗಬೇಕು, ಕೃಪಾಂಕ ಆಮೇಲೆ, ಕೊರತೆ ಮನ್ನಾ ಕೊನೆಗೆ. ಮರುಮೌಲ್ಯಮಾಪನದಲ್ಲಿ ಅಂಕ ಬದಲಾದರೆ ಹಿಂದೆ ಕೊಟ್ಟ ಕೃಪಾಂಕವನ್ನು ಕಳೆದು ಹೊಸ ಅಂಕದ ಮೇಲೆ ಮತ್ತೆ ಲೆಕ್ಕ ಹಾಕಬೇಕು. ಹಳೆಯದರ ಮೇಲೆ ಹೊಸದನ್ನು ಪೇರಿಸಿದರೆ ಒಬ್ಬನಿಗೇ ಎರಡು ಸಲ ಕೃಪೆ ಸಿಕ್ಕಂತಾಗುತ್ತದೆ.

ವೃತ್ತಿಶಿಕ್ಷಣದಲ್ಲಿ ಈ ವ್ಯವಸ್ಥೆ ಈಗ ಹಿಂದೆ ಸರಿಯುತ್ತಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಾವಳಿ, ಒಂದೇ ವಿಷಯದಲ್ಲಿ ಸೋತ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ತನ್ನ ವಿವೇಚನೆಯಂತೆ ಗರಿಷ್ಠ 5 ಅಂಕ ಕೊಡಬಹುದು ಎಂದಿತ್ತು. ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನಿಯಮಾವಳಿಯಲ್ಲಿ ತೇರ್ಗಡೆಗೆ ಕೃಪಾಂಕ ಇಲ್ಲವೇ ಇಲ್ಲ ಎಂದಿತು. ಸೋತವರಿಗೆ ಕೆಲವೇ ವಾರಗಳಲ್ಲಿ ಪೂರಕ ಪರೀಕ್ಷೆ ನಡೆಸಿ, ಪಾಸಾದವರನ್ನು ಅವರದೇ ಬ್ಯಾಚಿಗೆ ಸೇರಿಸಿಕೊಳ್ಳಬೇಕು ಎಂಬುದು ಆಯೋಗದ ಸೂಚನೆ.