ಕಾಣದ ಚುಕ್ಕಿಯ ಲೆಕ್ಕ

ಕಾಗದ ಮುಟ್ಟಿತೇ ಎಂದು ತಿಳಿಯಲು ಅಂಚೆಯಲ್ಲಿ ರಿಜಿಸ್ಟರ್ಡ್ ರಸೀದಿ ಇತ್ತು. ಓದಿದರೇ ಎಂದು ತಿಳಿಯಲು ಏನೂ ಇರಲಿಲ್ಲ. ಇಮೇಲ್ ಆ ಕೊರತೆಯನ್ನು ನೀಗಿಸಿತು ಎಂದು ಬಹಳ ಜನ ನಂಬಿದ್ದಾರೆ. ನಿಜದಲ್ಲಿ ಅದು ಎಣಿಸುತ್ತಿದ್ದದ್ದು ಓದುಗರನ್ನಲ್ಲ, ಒಂದು ಚಿತ್ರವನ್ನು.

1990ರ ದಶಕದ ಕೊನೆಗೆ ಇಮೇಲ್‌ಗಳು ವೆಬ್ ಪುಟಗಳ ಹಾಗೆ ಬಣ್ಣ, ಚಿತ್ರ ಹೊತ್ತು ಬರತೊಡಗಿದವು. ಚಿತ್ರ ಮೇಲ್‌ನೊಳಗೇ ಇರಬೇಕೆಂದಿಲ್ಲ, ಕಳಿಸಿದವರ ಸರ್ವರ್‌ನಿಂದ ಆ ಕ್ಷಣದಲ್ಲಿ ತರಿಸಿಕೊಳ್ಳಬಹುದು. ಹಾಗಾದರೆ ಒಂದೇ ಪಿಕ್ಸೆಲ್ ಅಗಲ, ಒಂದೇ ಪಿಕ್ಸೆಲ್ ಎತ್ತರದ ಪಾರದರ್ಶಕ ಚಿತ್ರವೊಂದನ್ನು ಇಟ್ಟು, ಪ್ರತಿ ಚಂದಾದಾರರಿಗೂ ಅದರ ವಿಳಾಸವನ್ನು ಬೇರೆಬೇರೆ ಮಾಡಿಬಿಟ್ಟರೆ, ಯಾರ ಚಿತ್ರಕ್ಕೆ ಕೋರಿಕೆ ಬಂತೋ ಅವರು ಮೇಲ್ ತೆರೆದರು ಎಂದು ಬರೆದುಕೊಳ್ಳಬಹುದು. ಓಪನ್ ರೇಟ್ ಹುಟ್ಟಿದ್ದು ಹೀಗೆ. 1999ರಲ್ಲೇ ರಿಚರ್ಡ್ ಸ್ಮಿತ್ ಇಂಥ ಚುಕ್ಕಿಗಳನ್ನು ‘ವೆಬ್ ಬಗ್’ ಎಂಬ ಹೆಸರಿನಲ್ಲಿ ವಿವರಿಸಿ ಎಚ್ಚರಿಸಿದ್ದರು.

ಆಮೇಲಿನದೆಲ್ಲ ಈ ಲೆಕ್ಕ ಹದಗೆಟ್ಟ ಚರಿತ್ರೆ. ಔಟ್‌ಲುಕ್ 2003 ಹೊರಗಿನ ಚಿತ್ರಗಳನ್ನು ತಾನಾಗಿ ತೋರಿಸುವುದನ್ನು ನಿಲ್ಲಿಸಿತು. ಓದಿದವರೂ ಲೆಕ್ಕದಿಂದ ಬಿಟ್ಟುಹೋದರು. 2013ರ ಡಿಸೆಂಬರ್‌ನಲ್ಲಿ ಜಿಮೇಲ್ ಚಿತ್ರಗಳನ್ನು ತನ್ನದೇ ಸರ್ವರ್ ಮೂಲಕ ತರಿಸಿ ತೋರಿಸತೊಡಗಿತು. ಓದುಗರು ಯಾವ ಊರಿನಲ್ಲಿ ತೆರೆದರು ಎಂಬುದು ಮರೆಯಾಯಿತು. ದೊಡ್ಡ ಪೆಟ್ಟು ಬಿದ್ದದ್ದು 2021ರ ಸೆಪ್ಟೆಂಬರ್‌ನಲ್ಲಿ, ಐಒಎಸ್ 15ರ ಜೊತೆ. ಬಳಕೆದಾರರು `Protect Mail Activity` ಒತ್ತಿದರೆ ಆಪಲ್‌ನ ಮೇಲ್ ಆ್ಯಪ್ ಚಿತ್ರಗಳನ್ನು ಹಿನ್ನೆಲೆಯಲ್ಲಿ ತಾನೇ ಮೊದಲು ತರಿಸಿಟ್ಟುಕೊಳ್ಳುತ್ತದೆ, ಮೇಲ್ ತೆರೆಯಲಿ ಬಿಡಲಿ.

ಸಾವಿರ ಜನರಿಗೆ ಒಂದು ಸಂಚಿಕೆ ಹೋಯಿತು ಎನ್ನಿ. ಅವರಲ್ಲಿ 400 ಜನ ಈ ಆಪಲ್ ರಕ್ಷಣೆಯವರು. ಉಳಿದ 600ರಲ್ಲಿ 180 ಜನ ತೆರೆದಿದ್ದಾರೆ. ಆಪಲ್‌ನ 400 ಚುಕ್ಕಿಗಳೂ ತಾವಾಗಿಯೇ ಲೋಡ್ ಆದರೆ ಒಟ್ಟು 580, ಅಂದರೆ ಪರದೆಯ ಮೇಲೆ ಶೇ. 58. ನಂಬಬಹುದಾದ ಭಾಗ 600ರಲ್ಲಿ 180 ಮಾತ್ರ, ಶೇ. 30. ಮುಂದಿನ ತಿಂಗಳು ಐಫೋನ್ ಚಂದಾದಾರರು ಹೆಚ್ಚಾದರೆ, ಒಬ್ಬ ಓದುಗನೂ ಹೆಚ್ಚದೆ ಓಪನ್ ರೇಟ್ ಏರುತ್ತದೆ.

ಕನ್ನಡಕ್ಕೆ ಇದರ ತದ್ವಿರುದ್ಧದ ತೊಂದರೆ ಒಂದಿದೆ, ಅದನ್ನು ಗಮನಿಸಿದವರು ಕಡಿಮೆ. ಜಿಮೇಲ್ ಸುಮಾರು 102 ಕೆಬಿ ಮೀರಿದ ಮೇಲನ್ನು ಕತ್ತರಿಸಿ, ಕೆಳಗೆ `[Message clipped]` ಎಂದು ತೋರಿಸುತ್ತದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಅದರ ಸ್ವರಚಿಹ್ನೆಗೆ ಮತ್ತೆ ಮೂರು, ವಿರಾಮಚಿಹ್ನೆಯಲ್ಲ, ಒತ್ತಕ್ಷರದ ನಡುವೆ ಅಡಗಿರುವ ಹಲಂತಕ್ಕೂ ಮೂರು. ‘ಅಲ್ಲಿ’ ಎಂಬ ಎರಡಕ್ಷರದ ಪದವೇ ಹದಿನೈದು ಬೈಟ್. ಹೀಗೆ ಇಂಗ್ಲಿಷಿನಲ್ಲಿ ನಿರಾತಂಕವಾಗಿ ಹೋಗುವ ನಾಲ್ಕು ಸಾವಿರ ಪದಗಳ ಪ್ರಬಂಧ ಕನ್ನಡದಲ್ಲಿ ಆ ಮಿತಿಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ, ಲಿಂಕು ಮತ್ತು ವಿನ್ಯಾಸದ ಕೋಡ್ ಸೇರಿದರೆ ದಾಟುತ್ತದೆ.

ಚುಕ್ಕಿಯನ್ನು ಸಾಮಾನ್ಯವಾಗಿ ಇಡುವುದು ಮೇಲ್‌ನ ತೀರಾ ಕೊನೆಯಲ್ಲಿ. ಕತ್ತರಿಸಿದ ಭಾಗದಲ್ಲಿ ಅದೂ ಹೋಗುತ್ತದೆ. ಚೆನ್ನೈನಲ್ಲಿ ಕೂತು ಮುಕ್ಕಾಲು ಪ್ರಬಂಧ ಓದಿದವರು ‘ತೆರೆದಿಲ್ಲ’ದ ಪಟ್ಟಿಗೆ, ಮುಟ್ಟದೇ ಇದ್ದ ಐಫೋನ್ ‘ತೆರೆದ’ ಪಟ್ಟಿಗೆ. ಆರು ತಿಂಗಳು ತೆರೆಯದವರನ್ನು ಚಂದಾಪಟ್ಟಿಯಿಂದ ತೆಗೆಯುವ ರೂಢಿ ಅನೇಕ ಕಡೆ ಇದೆ. ಆ ಜರಡಿಯಲ್ಲಿ ಮೊದಲು ಉದುರುವವರು ಇಂಥ ಓದುಗರೇ. ತೆಗೆಯುವ ಮೊದಲು ‘ಉಳಿಯುತ್ತೀರಾ?’ ಎಂಬ ಎರಡು ಸಾಲಿನ ಮೇಲ್ ಕಳಿಸಿ, ಒಂದು ಲಿಂಕ್ ಒತ್ತಲು ಕೇಳುವುದು ನ್ಯಾಯ.

ಕ್ಲಿಕ್ ಗಟ್ಟಿ ಸಾಕ್ಷಿ ಎಂಬುದು ಬಹುಪಾಲು ನಿಜ, ಅದಕ್ಕೆ ಬೆರಳು ಬೇಕು. ಆದರೆ ಕಂಪನಿಗಳ ಭದ್ರತಾ ತಂತ್ರಾಂಶಗಳು ವೈರಸ್ ಹುಡುಕಲು ಲಿಂಕುಗಳನ್ನು ತಾವೇ ತೆರೆದು ನೋಡುತ್ತವೆ. ಮೇಲ್ ತಲುಪಿದ ಕೆಲವೇ ಸೆಕೆಂಡಿನಲ್ಲಿ ಎಲ್ಲ ಲಿಂಕೂ ಒತ್ತಿದ್ದರೆ ಅದು ಮನುಷ್ಯನಲ್ಲ. ಇನ್ನು ಪ್ರಬಂಧವೆಲ್ಲ ಮೇಲ್‌ನಲ್ಲೇ ಇದ್ದರೆ ಓದುಗರು ಒತ್ತುವುದಾದರೂ ಏನನ್ನು? ಅಲ್ಲಿ ಕಡಿಮೆ ಕ್ಲಿಕ್ ರೇಟ್ ಏನನ್ನೂ ಹೇಳುವುದಿಲ್ಲ.

ಮೂರರಲ್ಲಿ ಅನ್‌ಸಬ್‌ಸ್ಕ್ರೈಬ್ ಮಾತ್ರ ಹೆಚ್ಚುಕಡಿಮೆ ಓದುಗರ ಸ್ವಂತ ಮಾತು. ಮೇಲ್‌ನ ತಲೆಬರಹದಲ್ಲಿ `List-Unsubscribe` ಇಡುವ ಪದ್ಧತಿ 1998ರದು, ಒಂದೇ ಒತ್ತಿಗೆ ಬಿಡಿಸಿಕೊಳ್ಳುವ ಕ್ರಮ 2017ರದು. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಅದನ್ನು ಬೇಕೇಬೇಕು ಎಂದಿವೆ; ಜೊತೆಗೆ ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು. ಈ ಎರಡನ್ನು ಒಟ್ಟಿಗೇ ಓದಬೇಕು. ಕತ್ತರಿಸಿದ ಮೇಲ್‌ನಲ್ಲಿ ಕೆಳಗಿನ ಅನ್‌ಸಬ್‌ಸ್ಕ್ರೈಬ್ ಲಿಂಕೂ ಕಾಣೆಯಾಗಿರುತ್ತದೆ. ಹುಡುಕಿ ಬೇಸತ್ತವರಿಗೆ ಸ್ಪ್ಯಾಮ್ ಗುಂಡಿ ಕೈಗೆಟುಕುವಷ್ಟು ಹತ್ತಿರ. ಆಗ ಬಿಟ್ಟುಹೋದವರ ಸಂಖ್ಯೆ ಸೊನ್ನೆಯ ಹತ್ತಿರವೇ ಉಳಿದು, ದೂರು ಜಿಮೇಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಏರುತ್ತದೆ. ಉದ್ದದ ಸಂಚಿಕೆಗಳಲ್ಲಿ ಆ ಲಿಂಕನ್ನು ಶೀರ್ಷಿಕೆಯ ಕೆಳಗೇ ಹಾಕಬಹುದು, ಚುಕ್ಕಿಯನ್ನೂ ಅಲ್ಲಿಗೇ ತರಲು ಕೆಲವು ಸೇವೆಗಳು ಬಿಡುತ್ತವೆ.